ಬುಕ್ಕಿ ನೋಡುವುದು ಎಷ್ಟು ಹಣ ಬಂತು ಅಂತಲ್ಲ, ಯಾರ ಹಣ ಬಂತು ಅಂತ

*ಪ್ರಶ್ನೆ: ಸರ್, ಇಂಗ್ಲೆಂಡಿನ ಬುಕ್ಕಿಗಳು ಮ್ಯಾಚಿಗೆ ಮೊದಲ ರೇಟನ್ನು ಯಾವ ಲೆಕ್ಕದಲ್ಲಿ ಇಡುತ್ತಾರೆ? ಎರಡೂ ಕಡೆ ಹಣ ಸಮ ಆಗುವ ಹಾಗೆ ರೇಟ್ ಏರಿಳಿಸಿ, ಯಾರು ಗೆದ್ದರೂ ತಮ್ಮ ಕಮಿಷನ್ ಇಟ್ಟುಕೊಳ್ಳುತ್ತಾರೆ ಅಂತ ಕೇಳಿದ್ದೆ. ಆದರೆ ಅಲ್ಲಿರುವ ನಮ್ಮಣ್ಣ ಹೇಳುವ ಪ್ರಕಾರ, ಜನರೆಲ್ಲ ಭಾರತದ ಮೇಲೆ ಕಟ್ಟುತ್ತಿದ್ದಾಗಲೇ ಭಾರತದ ರೇಟ್ ಇನ್ನೂ ಜಾಸ್ತಿ ಮಾಡಿದರಂತೆ. ಇದು ಹೇಗೆ ಸಾಧ್ಯ? – ಬಿ.ಕಾಂ. ವಿದ್ಯಾರ್ಥಿ, ದಾವಣಗೆರೆ*

ನಿಮ್ಮಣ್ಣ ನೋಡಿದ್ದು ಸರಿ. ನೀವು ಕೇಳಿದ ಕತೆ ಮಾತ್ರ ಅರ್ಧ ನಿಜ.

ಹಣ ಸಮ ಮಾಡುವ ಕತೆ ಬುಕ್ಕಿಗಿಂತ ಟೋಟಿಗೆ ಚೆನ್ನಾಗಿ ಒಪ್ಪುತ್ತದೆ. ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಟೋಟ್ ಕಿಟಕಿಯನ್ನೂ ಬುಕ್ಕಿಗಳ ಸ್ಟಾಲನ್ನೂ ನೋಡಿದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ. ಟೋಟಿನಲ್ಲಿ ಎಲ್ಲರ ಹಣವೂ ಒಂದೇ ಹುಂಡಿಗೆ ಬೀಳುತ್ತದೆ. ಕ್ಲಬ್ಬು ತನ್ನ ಪಾಲು ತೆಗೆದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಯಾವ ಕುದುರೆ ಗೆದ್ದರೂ ಕ್ಲಬ್ಬಿಗೆ ನಷ್ಟವಿಲ್ಲ. ಅಲ್ಲಿ ರೇಟನ್ನು ತೀರ್ಮಾನ ಮಾಡುವುದು ಹಣವೇ. ಬುಕ್ಕಿಯ ಕತೆ ಬೇರೆ. ನೀವು ಹಣ ಕೊಟ್ಟ ಗಳಿಗೆಯಲ್ಲಿ ಅವನ ಬೋರ್ಡಿನ ಮೇಲೆ ಯಾವ ರೇಟ್ ಇತ್ತೋ, ಅದನ್ನು ಅವನು ಕೊಡಲೇಬೇಕು. ಆಮೇಲೆ ಬೋರ್ಡು ಒರೆಸಿ ಬೇರೆ ಬರೆಯಬಹುದು, ಆದರೆ ನಿಮ್ಮ ಚೀಟಿ ಬದಲಾಗುವುದಿಲ್ಲ. ಹಾಗಾಗಿ ಅವನು ಸುಮ್ನೆ ಕಮಿಷನ್ ಏಜೆಂಟ್ ಅಲ್ಲ. ಪ್ರತಿ ಚೀಟಿಯಲ್ಲೂ ಅವನೇ ನಿಮ್ಮ ಎದುರಾಳಿ.

ನಾನು ಒಂಬತ್ತು ವರ್ಷ ಇಂಗ್ಲೆಂಡಿನ ಒಂದು ಬೆಟ್ಟಿಂಗ್ ಕಂಪನಿಯಲ್ಲಿ ಕ್ರಿಕೆಟ್ ರೇಟುಗಳನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಅದು ಲೈಸೆನ್ಸ್ ಇರುವ ವ್ಯಾಪಾರ. ನಮ್ಮಲ್ಲಿ ಕ್ರಿಕೆಟ್ ಬೆಟ್ಟಿಂಗ್ ಕಾನೂನುಬಾಹಿರ, 2025ರ ಕಾಯ್ದೆ ಬಂದ ಮೇಲೆ ಹಣ ಕಟ್ಟುವ ಆನ್‌ಲೈನ್ ಆಟಗಳಿಗೂ ನಿಷೇಧ. ಹಾಗಾಗಿ ಈ ಉತ್ತರ ಅಲ್ಲಿನ ಲೆಕ್ಕ ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ.

ಮೊದಲ ರೇಟಿನಿಂದ ಶುರು ಮಾಡೋಣ. ಲಾರ್ಡ್ಸ್‌ನಲ್ಲಿ ಭಾರತ–ಇಂಗ್ಲೆಂಡ್ ಏಕದಿನ ಪಂದ್ಯ ಇದೆ ಅಂದುಕೊಳ್ಳಿ. ಇದು ನನ್ನ ಕಲ್ಪನೆಯ ಪಂದ್ಯ, ಅಂಕಿಗಳೂ ನಾನು ಹಾಕಿದ್ದೇ. ಪಂದ್ಯಕ್ಕೆ ಇನ್ನೂ ನಾಲ್ಕು ದಿನ ಇದೆ. ರೇಟ್ ಕಟ್ಟುವವನ ಹತ್ತಿರ ಪ್ರತಿ ತಂಡದ ಬಲಕ್ಕೂ ಒಂದು ಅಂಕಿ ಇರುತ್ತದೆ. ಹಿಂದಿನ ಪಂದ್ಯಗಳಿಂದ ತೆಗೆದ ಅಂಕಿ ಅದು, ಇತ್ತೀಚಿನ ಪಂದ್ಯಗಳಿಗೆ ಜಾಸ್ತಿ ತೂಕ. ಅದಕ್ಕೆ ತವರಿನ ಲಾಭ, ಮೈದಾನ, ಯಾರು ಆಡಬಹುದು ಅನ್ನುವ ಅಂದಾಜು ಸೇರಿಸುತ್ತಾನೆ. ಅವನ ಮಾಡೆಲ್ 'ಭಾರತ 57' ಅನ್ನುತ್ತದೆ. ಅಂದರೆ ಇದೇ ಪಂದ್ಯ ನೂರು ಸಲ ನಡೆದರೆ ಭಾರತ 57 ಸಲ ಗೆಲ್ಲುತ್ತದೆ ಅಂತ. ಬೇರೆಯವರು ಆಗಲೇ ರೇಟ್ ತೆರೆದಿದ್ದರೆ ಅದನ್ನೂ ನೋಡುತ್ತಾನೆ. ಬೆಟ್‌ಫೇರ್ ಥರದ ಎಕ್ಸ್‌ಚೇಂಜಿನಲ್ಲಿ ಜನ ಜನರ ಜೊತೆಗೇ ಬಾಜಿ ಕಟ್ಟುತ್ತಾರೆ, ಅಲ್ಲಿ 54ರ ಹತ್ತಿರ ಓಡುತ್ತಿದೆ ಅನ್ನೋಣ. ಸ್ವಲ್ಪ ಯೋಚಿಸಿ 55ಕ್ಕೆ ನಿಲ್ಲುತ್ತಾನೆ. ಇದನ್ನು ಕದ್ದು ನೋಡುವುದು ಅಂತ ಯಾರೂ ಅಂದುಕೊಳ್ಳುವುದಿಲ್ಲ. ತನ್ನ ಮಾಡೆಲನ್ನೇ ಪೂರ್ತಿ ನಂಬಿದವನು ಆ ಕೆಲಸದಲ್ಲಿ ಜಾಸ್ತಿ ದಿನ ಉಳಿಯುವುದಿಲ್ಲ.

55ರ ಅಸಲು ರೇಟ್ ಎಷ್ಟು? 100ನ್ನು 55ರಿಂದ ಭಾಗಿಸಿ, 1.82. ಒಂದು ಪೌಂಡ್ ಕಟ್ಟಿದರೆ ಕಟ್ಟಿದ್ದೂ ಸೇರಿ 1.82 ಪೌಂಡ್ ವಾಪಸ್. ಇಂಗ್ಲೆಂಡಿನ 45ಕ್ಕೆ 2.22. ಆದರೆ ಅಸಲಿಗೇ ಮಾರುವ ಅಂಗಡಿ ಎಲ್ಲಿದೆ? ಬೋರ್ಡಿನ ಮೇಲೆ ಭಾರತಕ್ಕೆ 1.73, ಇಂಗ್ಲೆಂಡಿಗೆ 2.10 ಬೀಳುತ್ತದೆ. ಈ ರೇಟಿನಲ್ಲಿ, ಯಾರು ಗೆದ್ದರೂ ನಿಮ್ಮ ಕೈಗೆ ಸರಿಯಾಗಿ 100 ಪೌಂಡ್ ಬರಬೇಕು ಅಂದರೆ ಭಾರತದ ಮೇಲೆ 57.8, ಇಂಗ್ಲೆಂಡಿನ ಮೇಲೆ 47.6 ಕಟ್ಟಬೇಕು. ಒಟ್ಟು 105.4. ಆ ಮೇಲಿನ 5.4 ಬುಕ್ಕಿಯ ಮಾರ್ಜಿನ್.

ಮೊದಲ ದಿನದ ರೇಟಿನ ಬಗ್ಗೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಆ ರೇಟಿಗೆ ಜಾಸ್ತಿ ಹಣ ಕಟ್ಟಲು ಬಿಡುವುದಿಲ್ಲ. ನಾಲ್ಕು ದಿನ ಮೊದಲು ಮಿತಿ 200 ಪೌಂಡ್ ಇದ್ದರೆ, ಟಾಸ್ ಹೊತ್ತಿಗೆ ಅದೇ ಸಾವಿರಗಟ್ಟಲೆ ಆಗಿರುತ್ತದೆ. ಯಾಕೆ ಅಂದರೆ ಮೊದಲ ದಿನ ಬುಕ್ಕಿಗೆ ಹನ್ನೊಂದು ಜನ ಯಾರು ಅಂತ ಗೊತ್ತಿಲ್ಲ. ಪಿಚ್ ನೋಡಿಲ್ಲ. ತನ್ನ 55 ತಪ್ಪಿರಬಹುದು ಅಂತ ಅವನಿಗೇ ಗೊತ್ತು. ಹಾಗಾಗಿ ಆ ರೇಟನ್ನು ಅವನು ಒಂದು ಪ್ರಶ್ನೆಯ ಹಾಗೆ ಹೊರಗಿಡುತ್ತಾನೆ: 'ಇದು ತಪ್ಪು ಅಂತ ಯಾರಿಗಾದರೂ ಅನ್ನಿಸುತ್ತಾ?' ಉತ್ತರ ಕೊಡುವವರಿಗೆ 200 ಪೌಂಡಿನ ಬಾಜಿ ಅವಕಾಶವೇ ಸಂಬಳ. ಸಂತೆಯಲ್ಲಿ ಬೆಳಿಗ್ಗೆ ಮೊದಲ ಬುಟ್ಟಿಯನ್ನು ಒಂದು ಬೆಲೆ ಹೇಳಿ ಮಾರಿ, ಯಾರು ಹೇಗೆ ಕೊಳ್ಳುತ್ತಾರೆ ನೋಡಿ ಉಳಿದ ಮಾಲಿಗೆ ಬೆಲೆ ಕಟ್ಟುವ ಹಾಗೆ.

ಈಗ ನಿಮ್ಮ ಪ್ರಶ್ನೆಯ ಗಂಟಿಗೆ ಬರೋಣ. ಪಂದ್ಯದ ಹಿಂದಿನ ದಿನ. ಭಾರತದ ಮೇಲೆ ಸಾವಿರಾರು ಜನ ಹತ್ತು-ಇಪ್ಪತ್ತು ಪೌಂಡ್ ಕಟ್ಟಿ ಒಟ್ಟು 60,000 ಪೌಂಡ್ ಆಗಿದೆ. ನಮ್ಮವರು ಜಾಸ್ತಿ ಇರುವ ಲೀಸ್ಟರ್, ಸೌತ್‌ಹಾಲ್ ಕಡೆಯ ಅಂಗಡಿಗಳಲ್ಲಿ ಭಾರತದ ಪಂದ್ಯ ಅಂದರೆ ಹೀಗೇ ಅಲ್ವಾ. ಇಂಗ್ಲೆಂಡಿನ ಮೇಲೆ 15,000 ಮಾತ್ರ. ಭಾರತ ಗೆದ್ದರೆ ಬುಕ್ಕಿ 60,000ಕ್ಕೆ 1.73ರಂತೆ 1,03,800 ಕೊಡಬೇಕು, ಬಂದದ್ದು 75,000. ಕೈಯಿಂದ 28,800 ಹೋಗುತ್ತದೆ. ಇದಕ್ಕೇ ಲಯಬಿಲಿಟಿ ಅನ್ನುವುದು. ಇಂಗ್ಲೆಂಡ್ ಗೆದ್ದರೆ 31,500 ಕೊಟ್ಟು 43,500 ಉಳಿಸಿಕೊಳ್ಳುತ್ತಾನೆ.

ಹಣ ಒಂದೇ ಕಡೆ ವಾಲಿದೆ. ನೀವು ಕೇಳಿದ ಕತೆಯ ಪ್ರಕಾರ ಬುಕ್ಕಿ ಈಗ ಗಾಬರಿಯಾಗಬೇಕು. ಆಗುವುದಿಲ್ಲ. ನೂರು ಸಲದ ಲೆಕ್ಕ ಹಾಕಿ ನೋಡಿ. 55 ಸಲ 28,800 ಹೋಗುತ್ತದೆ, 45 ಸಲ 43,500 ಬರುತ್ತದೆ. ಕೂಡಿ ಕಳೆದು ನೂರರಿಂದ ಭಾಗಿಸಿದರೆ ಒಂದು ಪಂದ್ಯಕ್ಕೆ ಸರಾಸರಿ 3,735 ಪೌಂಡ್ ಲಾಭ. ಒಂದು ಪಂದ್ಯದ ಬಾಜಿಗಳ ಲೆಕ್ಕಕ್ಕೆ ಬುಕ್ಕಿಗಳು ಪುಸ್ತಕ ಅಂತಾರೆ. ವಾಲಿದ ಪುಸ್ತಕವೂ ಲಾಭದ ಪುಸ್ತಕವೇ. ಯಾಕೆಂದರೆ ಭಾರತದ ಚೀಟಿ ಒಂದೊಂದನ್ನೂ ಅಸಲು 1.82ಕ್ಕಿಂತ ಕಡಿಮೆ, ಅಂದರೆ 1.73ಕ್ಕೆ ಮಾರಿದ್ದಾನೆ.

ಈಗ ಅವನು ಹಟ ಹಿಡಿದು ಸಮ ಮಾಡಲು ಹೊರಟ ಅನ್ನಿ. ಇಂಗ್ಲೆಂಡಿನ ಮೇಲೆ ಇನ್ನೂ ಸುಮಾರು 31,400 ಪೌಂಡ್ ಬರಬೇಕು. ಜನರಿಗೆ ಇಂಗ್ಲೆಂಡ್ ಬೇಡ, ಹಾಗಾಗಿ ಆಸೆ ತೋರಿಸಬೇಕು. ರೇಟನ್ನು 2.10ರಿಂದ 2.30ಕ್ಕೆ ಏರಿಸುತ್ತಾನೆ. ಅಸಲು 2.22 ಇತ್ತು, ನೆನಪಿದೆಯಾ? ಅಂದರೆ ಈಗ ಅಸಲಿಗಿಂತ ಅಗ್ಗಕ್ಕೆ ಮಾರುತ್ತಿದ್ದಾನೆ. ಹಣ ಬರುತ್ತದೆ, ಪುಸ್ತಕ ಸಮ ಆಗುತ್ತದೆ. ಯಾರು ಗೆದ್ದರೂ ಸುಮಾರು 2,600 ಪೌಂಡ್ ಖಾತ್ರಿ. ಸರಾಸರಿ 3,735 ಇದ್ದದ್ದು 2,600ಕ್ಕೆ ಇಳಿಯಿತು. ನೆಮ್ಮದಿಯ ನಿದ್ದೆಗೆ ಅವನು ಕಟ್ಟಿದ ಬೆಲೆ 1,100 ಪೌಂಡ್ ಚಿಲ್ಲರೆ, ಲಾಭದಲ್ಲಿ ಮೂರನೇ ಒಂದು ಭಾಗದಷ್ಟು. ವರ್ಷಕ್ಕೆ ಸಾವಿರಾರು ಪಂದ್ಯಗಳ ಪುಸ್ತಕ ತೆರೆಯುವ ಕಂಪನಿಗೆ ಈ ವಿಮೆ ಯಾಕೆ ಬೇಕು? 28,800 ಹೋದರೆ ಇನ್ನೊಂದು ಕಡೆ ಬರುತ್ತದೆ.

ಸಮ ಮಾಡಲು ಹೋಗಿ ಪೆಟ್ಟು ತಿಂದದ್ದಕ್ಕೆ ಅಮೆರಿಕದಲ್ಲಿ ಒಂದು ಹಳೆಯ ಉದಾಹರಣೆ ಇದೆ. 1979ರ ಜನವರಿಯ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲಿನ ಫೈನಲ್, ಪಿಟ್ಸ್‌ಬರ್ಗ್ ಮತ್ತು ಡಲ್ಲಾಸ್ ನಡುವೆ. ಅಲ್ಲಿ ಬಲವಾದ ತಂಡ ಇಷ್ಟು ಅಂಕಕ್ಕಿಂತ ಜಾಸ್ತಿ ಅಂತರದಲ್ಲಿ ಗೆಲ್ಲಬೇಕು ಅಂತ ಗೆರೆ ಹಾಕುತ್ತಾರೆ. ಬಲವಾದ ತಂಡ ಪಿಟ್ಸ್‌ಬರ್ಗ್, ಗೆರೆ ತೆರೆದದ್ದು 3.5ಕ್ಕೆ. ಪಿಟ್ಸ್‌ಬರ್ಗ್ ಮೇಲೆ ಹಣ ಸುರಿಯಿತು, ಅದನ್ನು ತಡೆಯಲು ಗೆರೆಯನ್ನು 4.5ರವರೆಗೆ ಎಳೆದರು. ಆಗ ಡಲ್ಲಾಸ್ ಕಡೆ ಹಣ ಬಂತು. ಪಂದ್ಯ ಮುಗಿದಾಗ ಸ್ಕೋರು 35–31, ಸರಿಯಾಗಿ 4 ಅಂಕದ ಅಂತರ. 3.5ಕ್ಕೆ ಪಿಟ್ಸ್‌ಬರ್ಗ್ ಹಿಡಿದವರೂ ಗೆದ್ದರು, 4.5ಕ್ಕೆ ಡಲ್ಲಾಸ್ ಹಿಡಿದವರೂ ಗೆದ್ದರು. ಲಾಸ್ ವೇಗಸ್‌ನ ಬುಕ್ಕಿಗಳು ಇವತ್ತಿಗೂ ಅದನ್ನು ಕರಾಳ ಭಾನುವಾರ ಅಂತಾರೆ.

ಹಾಗಾದರೆ ರೇಟ್ ಓಡಾಡುವುದು ಯಾಕೆ? ಅಲ್ಲೇ 'ಯಾರ ಹಣ' ಅನ್ನುವ ಮಾತು ಬರುತ್ತದೆ.

ಪ್ರತಿ ಗಿರಾಕಿಯ ಖಾತೆಗೂ ಕಂಪನಿಯ ಒಳಗೆ ಒಂದು ಅಂಕಿ ಅಂಟಿರುತ್ತದೆ. ಸಾಮಾನ್ಯ ಗಿರಾಕಿ 1. ಚಾಲಾಕಿ ಅಂತ ಗೊತ್ತಾದವನು 0.1 ಅಥವಾ ಅದಕ್ಕೂ ಕಡಿಮೆ, ಅಂದರೆ ಮಿಕ್ಕವರಿಗೆ 1,000 ಪೌಂಡಿನ ಮಿತಿ ಇದ್ದರೆ ಅವನಿಗೆ 100. ಯಾರು ಚಾಲಾಕಿ ಅಂತ ಹೇಗೆ ಗೊತ್ತಾಗುತ್ತದೆ? ಗೆದ್ದ ಹಣ ನೋಡಿ ಅಲ್ಲ. ಅದೃಷ್ಟದಿಂದ ಒಂದು ಸೀಸನ್ ಯಾರು ಬೇಕಾದರೂ ಗೆಲ್ಲಬಹುದು. ನೋಡುವುದು ಇದನ್ನು: ಅವನು ಕಟ್ಟಿದಾಗ ರೇಟ್ ಎಷ್ಟಿತ್ತು, ಪಂದ್ಯ ಶುರುವಾಗುವ ಗಳಿಗೆಯಲ್ಲಿ ಎಷ್ಟಾಯಿತು. ಪದೇ ಪದೇ 2.10ಕ್ಕೆ ಕಟ್ಟಿ, ಕೊನೆಗೆ ಅದು 1.95 ಆಗುತ್ತಿದ್ದರೆ ಆ ಮನುಷ್ಯನಿಗೆ ಏನೋ ಗೊತ್ತು. ಐವತ್ತು ಚೀಟಿ ಸಾಕು, ಸೋತಿದ್ದರೂ ಸಿಕ್ಕಿಬೀಳುತ್ತಾನೆ. ಇಂಥವರನ್ನು ಅಲ್ಲಿ ಶಾರ್ಪ್ ಅಂತಾರೆ. ಎಷ್ಟೋ ಕಂಪನಿಗಳು ಅವರ ಮಿತಿ ಇಳಿಸಿ ಓಡಿಸುತ್ತವೆ. ನನ್ನ ಅಭಿಪ್ರಾಯದಲ್ಲಿ ಅದು ದಡ್ಡತನ. ಪಿನಾಕಲ್ ಥರದ ಕಂಪನಿ ಗೆಲ್ಲುವವರನ್ನೂ ಇಟ್ಟುಕೊಂಡು, ಅವರ ಚೀಟಿಯಿಂದಲೇ ತನ್ನ ರೇಟ್ ತಿದ್ದಿಕೊಂಡು ಹೆಸರು ಮಾಡಿತು.

ನಮ್ಮ ಪಂದ್ಯಕ್ಕೆ ವಾಪಸ್. ಸಂಜೆ ಆರು ಗಂಟೆಗೆ ಇಂಥ ಮೂರು ಖಾತೆಗಳಿಂದ, ಹತ್ತು ನಿಮಿಷದ ಒಳಗೆ, ಇಂಗ್ಲೆಂಡಿನ ಮೇಲೆ 500 ಪೌಂಡಿನಂತೆ ಬರುತ್ತದೆ. ಒಟ್ಟು ಬರೀ 1,500. ಭಾರತದ ಮೇಲೆ ಇರುವ 60,000ದ ಮುಂದೆ ಇದು ಏನೂ ಅಲ್ಲ. ಹಣ ಸಮ ಮಾಡುವವನಾದರೆ 'ಬನ್ನಿ ಬನ್ನಿ, ನಿಮಗಾಗಿಯೇ ಕಾಯುತ್ತಿದ್ದೆ' ಅನ್ನಬೇಕು. ಆದರೆ ಅನುಭವಿ ಬುಕ್ಕಿ ತಕ್ಷಣ ಇಂಗ್ಲೆಂಡಿನ ರೇಟ್ ಇಳಿಸುತ್ತಾನೆ. ತನ್ನ 55 ತಪ್ಪು, ಬಹುಶಃ 52 ಇರಬೇಕು ಅಂತ ಅವನಿಗೆ ಅರ್ಥವಾಗಿದೆ. ಭಾರತದ ಯಾವುದೋ ಬೌಲರ್ ಅಭ್ಯಾಸಕ್ಕೆ ಬಂದಿಲ್ಲವೋ, ನಾಳೆ ಬೆಳಿಗ್ಗೆ ಮೋಡ ಇದೆಯೋ, ಕಾರಣ ಗೊತ್ತಿಲ್ಲ. ಕಾರಣ ಆಮೇಲೆ ಹುಡುಕಿದರಾಯಿತು. ಹೊಸ ಬೋರ್ಡು: ಭಾರತ 1.83, ಇಂಗ್ಲೆಂಡ್ 1.98.

ನಿಮ್ಮಣ್ಣ ನೋಡಿದ್ದು ಇದನ್ನೇ ಇರಬೇಕು. ಹೊರಗಿನವರಿಗೆ ಕಾಣುವುದು ಭಾರತದ ಮೇಲೆ ಸಾಲುಗಟ್ಟಿ ನಿಂತ ಜನ, ಮತ್ತು ಏರುತ್ತಿರುವ ಭಾರತದ ರೇಟು. 60,000 ಪೌಂಡ್ ಸೇರಿ ಅಲ್ಲಾಡಿಸಲಾಗದ ರೇಟನ್ನು 1,500 ಪೌಂಡ್ ಅಲ್ಲಾಡಿಸಿತು.

ಇನ್ನೊಂದು ತಮಾಷೆ ನೋಡಿ. ಭಾರತ ನಿಜಕ್ಕೂ 52 ಆಗಿದ್ದರೆ, ವಾಲಿದ ಹಳೆಯ ಪುಸ್ತಕ ಈಗ ಮೊದಲಿಗಿಂತ ಚೆನ್ನಾಗಿದೆ. ಸರಾಸರಿ ಲಾಭ 3,735 ಇದ್ದದ್ದು ಸುಮಾರು 5,900ಕ್ಕೆ ಏರಿತು. ಲಯಬಿಲಿಟಿ ಹೆಚ್ಚುಕಡಿಮೆ ಅಷ್ಟೇ ಇದೆ, ಆದರೆ ಅಪಾಯ ಕಡಿಮೆಯಾಗಿದೆ. ಹಣ ಬೇರೆ, ಅಪಾಯ ಬೇರೆ ಅನ್ನುವುದು ಇದಕ್ಕೇ. ಸಾಮಾನ್ಯ ಜನ ತಪ್ಪು ಕಡೆ ವಾಲಿದ್ದಾರೆ ಅಂತ ನಂಬಿಕೆ ಬಂದರೆ ಬುಕ್ಕಿ ಅದನ್ನು ಸರಿಪಡಿಸಲು ಹೋಗುವುದೇ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ 2004ರಲ್ಲಿ ಅಲ್ಲಿನ ಫುಟ್‌ಬಾಲ್ ಬಾಜಿಗಳ ಅಂಕಿಅಂಶ ತೆಗೆದು ಇದನ್ನೇ ತೋರಿಸಿದರು. ಬುಕ್ಕಿಗಳು ಎರಡೂ ಕಡೆ ಹಣ ಸಮ ಮಾಡುತ್ತಿರಲಿಲ್ಲ. ಜನರಿಗೆ ಫೇವರಿಟ್ ತಂಡದ ಮೇಲಿರುವ ವ್ಯಾಮೋಹ ನೋಡಿಕೊಂಡು, ಆ ಕಡೆಯ ಬೆಲೆಯನ್ನು ಸ್ವಲ್ಪ ದುಬಾರಿ ಇಟ್ಟು, ಜನರ ಎದುರು ತಾವೇ ನಿಲ್ಲುತ್ತಿದ್ದರು.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಮೊದಲ ವರ್ಷ, ಒಂದು ಕೌಂಟಿ ಟಿ20 ಪಂದ್ಯ. ಊರಿನ ತಂಡದ ಮೇಲೆ ಹಣ ಗುಡ್ಡೆ ಬಿದ್ದಿತ್ತು. ಸ್ಕ್ರೀನಿನ ಮೇಲೆ ಕೆಂಪು ಅಂಕಿ ನೋಡಿ ನನಗೆ ಹೊಟ್ಟೆ ತೊಳಸಿತು. ಎದುರಾಳಿಯ ರೇಟನ್ನು ಎರಡು ಮೆಟ್ಟಿಲು ಏರಿಸಿದೆ. ನಾಲ್ಕು ನಿಮಿಷದಲ್ಲಿ ಪುಸ್ತಕ ಸಮ ಆಯಿತು. ಖುಷಿಯಿಂದ ಮ್ಯಾನೇಜರ್ ಹತ್ತಿರ ಹೇಳಿದೆ. ಅವರು ಹಣದ ಕಡೆ ನೋಡಲೇ ಇಲ್ಲ. 'ಕಟ್ಟಿದವರು ಯಾರು?' ಅಂತ ಕೇಳಿದರು. ನೋಡಿದರೆ ಮೂರೇ ಖಾತೆ, ಮೂರೂ ಶಾರ್ಪ್. ಅರ್ಧ ಗಂಟೆ ಆದ ಮೇಲೆ ತಂಡದ ಪಟ್ಟಿ ಬಂತು. ಊರಿನ ತಂಡದ ಓಪನರ್ ಆಡುತ್ತಿರಲಿಲ್ಲ. ಎದುರಾಳಿಯ ರೇಟನ್ನು ಇಳಿಸಬೇಕಾಗಿದ್ದ ಹೊತ್ತಿನಲ್ಲಿ ನಾನು ಏರಿಸಿ, ಗೊತ್ತಿದ್ದವರಿಗೆ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆ.

ಹಾಗಂತ ಶಾರ್ಪ್ ಹಣವನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಅವರಿಗೂ ಬುಕ್ಕಿಯ ಅಭ್ಯಾಸ ಗೊತ್ತು. ನಿಜಕ್ಕೂ ಭಾರತ ಬೇಕಿದ್ದವರು, ಮಿತಿ ಸಣ್ಣದಿರುವಾಗ ಇಂಗ್ಲೆಂಡಿನ ಮೇಲೆ ಒಂದಿಷ್ಟು ಕಟ್ಟಿ ರೇಟ್ ಜರುಗಿಸುತ್ತಾರೆ. ಭಾರತ 1.83 ಆದ ಮೇಲೆ, ಮಿತಿ ದೊಡ್ಡದಾದಾಗ, ಬೇರೆ ಬೇರೆ ಹೆಸರಿನಲ್ಲಿ ಭಾರತವನ್ನು ಬಾಚಿಕೊಳ್ಳುತ್ತಾರೆ. ಇದನ್ನು ಗುರುತು ಹಿಡಿಯುವ ಒಂದು ದಾರಿ ಎಂದರೆ ಬೇರೆ ಮಾರುಕಟ್ಟೆ ನೋಡುವುದು. ಸುದ್ದಿ ನಿಜವಾದರೆ ಎಕ್ಸ್‌ಚೇಂಜಿನಲ್ಲೂ ಉಳಿದ ಕಂಪನಿಗಳಲ್ಲೂ ರೇಟ್ ಅದೇ ಕಡೆ ಹೋಗುತ್ತದೆ ಮತ್ತು ಅಲ್ಲೇ ನಿಲ್ಲುತ್ತದೆ. ನಾಟಕವಾದರೆ ಸ್ವಲ್ಪ ಹೊತ್ತಿಗೆ ಮೊದಲಿದ್ದಲ್ಲಿಗೇ ಬರುತ್ತದೆ. ಒಂದೇ ಕಂಪನಿಯ ರೇಟ್ ಮಾತ್ರ ಉಳಿದವರಿಗಿಂತ ದೂರ ನಿಂತಿದ್ದರೆ, ಬಹಳ ಸಲ ಅದು ಸುದ್ದಿಯಲ್ಲ, ಆ ಕಂಪನಿಯ ಸ್ವಂತ ಹೊರೆ.

ಹೌದು, ಬರೀ ಹೊರೆಯಿಂದಲೇ ರೇಟ್ ಓಡುವ ದಿನವೂ ಇದೆ. 28,800 ಹೋದರೆ ಹೋಗಲಿ ಅಂದೆ. ಅದೇ 28 ಲಕ್ಷ ಆದರೆ? ಕಂಪನಿಯೇ ಮುಳುಗುವಷ್ಟಾದರೆ? ಆಗ ಸರಾಸರಿಯ ಮಾತು ನಿಲ್ಲುತ್ತದೆ. ವಿಮೆಗೆ ಎಷ್ಟು ಬೇಕಾದರೂ ಕೊಟ್ಟು ಹೊರೆ ಇಳಿಸಬೇಕಾಗುತ್ತದೆ. ಇದು ಕಣ್ಣಿಗೆ ಕಾಣುವ ಹಾಗೆ ನಡೆದದ್ದು ಇಂಗ್ಲೆಂಡಿನ ಆಸ್ಕಾಟ್ ರೇಸ್ ಕೋರ್ಸಿನಲ್ಲಿ, 1996ರ ಸೆಪ್ಟೆಂಬರ್ 28, ಶನಿವಾರ.

ಅವತ್ತು ಏಳು ರೇಸ್. ಏಳರಲ್ಲೂ ಜಾಕಿ ಫ್ರಾಂಕಿ ಡೆಟೋರಿ ಸವಾರಿ. ಇಂಗ್ಲೆಂಡಿನ ಜನರಿಗೆ ಅವರೆಂದರೆ ಪ್ರೀತಿ. ಶನಿವಾರ ಬೆಳಿಗ್ಗೆ ಬೀದಿಯ ಬೆಟ್ಟಿಂಗ್ ಅಂಗಡಿಗೆ ಹೋಗಿ, 'ಡೆಟೋರಿಯ ಏಳೂ' ಅಂತ ಒಂದು ಪೌಂಡ್ ಕಟ್ಟಿ ಬರುವುದು ಹಲವರ ಹವ್ಯಾಸ. ಇಂಥ ಚೀಟಿಯಲ್ಲಿ ಮೊದಲ ರೇಸಿನಲ್ಲಿ ಗೆದ್ದ ಹಣ ಪೂರ್ತಿ ಎರಡನೆಯದಕ್ಕೆ ಉರುಳುತ್ತದೆ, ಅದು ಗೆದ್ದರೆ ಮೂರನೆಯದಕ್ಕೆ. ಸಾಮಾನ್ಯವಾಗಿ ಎರಡನೆಯದಕ್ಕೋ ಮೂರನೆಯದಕ್ಕೋ ಚೀಟಿ ಸಾಯುತ್ತದೆ. ಬುಕ್ಕಿಗಳಿಗೆ ಇದಕ್ಕಿಂತ ಒಳ್ಳೆ ವ್ಯಾಪಾರ ಇಲ್ಲ.

ಅವತ್ತು ಸಾಯಲಿಲ್ಲ. ವಾಲ್ ಸ್ಟ್ರೀಟ್ 2ಕ್ಕೆ 1ರಲ್ಲಿ ಗೆದ್ದಿತು, ಅಂದರೆ ಒಂದು ಪೌಂಡಿಗೆ ಎರಡು ಪೌಂಡ್ ಲಾಭ, ಕಟ್ಟಿದ್ದೂ ಸೇರಿ ಮೂರು. ಡಿಫಿಡೆಂಟ್ 12ಕ್ಕೆ 1. ಆಮೇಲೆ ಮಾರ್ಕ್ ಆಫ್ ಎಸ್ಟೀಮ್, ಡೆಕೊರೇಟೆಡ್ ಹೀರೋ, ಫೇಟ್‌ಫುಲಿ, ಲಾಕ್‌ಏಂಜೆಲ್. ಆರಕ್ಕೆ ಆರು. ಈ ಆರರ ರೇಟ್ ಗುಣಿಸಿದರೆ, ಬೆಳಿಗ್ಗೆ ಕಟ್ಟಿದ ಒಂದು ಪೌಂಡ್ ಈಗ 8,365 ಪೌಂಡ್ ಆಗಿ ಏಳನೇ ಕುದುರೆಯ ಮೇಲೆ ಕೂತಿದೆ. ಒಂದೇ ಒಂದು ಪೌಂಡ್! ದೇಶದ ತುಂಬ ಇಂಥ ಎಷ್ಟು ಚೀಟಿ ಇದ್ದವು ಅಂತ ಬುಕ್ಕಿಗಳು ಎಣಿಸಲು ಶುರು ಮಾಡಿದರು.

ಏಳನೇ ಕುದುರೆ ಫುಜಿಯಾಮಾ ಕ್ರೆಸ್ಟ್. ಬಲವಾದ ಕುದುರೆಗೆ ಜಾಸ್ತಿ ತೂಕ ಹೊರಿಸುವ ಎರಡು ಮೈಲಿಯ ಹ್ಯಾಂಡಿಕ್ಯಾಪ್ ರೇಸ್, ಬೆನ್ನ ಮೇಲೆ ಎಲ್ಲಕ್ಕಿಂತ ಜಾಸ್ತಿ ತೂಕ. ಬೆಳಿಗ್ಗೆ ಅದರ ರೇಟ್ 12ಕ್ಕೆ 1. ಯಾರಿಗೂ ದೊಡ್ಡ ನಂಬಿಕೆ ಇರಲಿಲ್ಲ. ಇಲ್ಲಿ ಒಂದು ನಿಯಮ ಗೊತ್ತಿರಬೇಕು. ರೇಟ್ ಹಿಡಿಯದೆ ಅಂಗಡಿಯಲ್ಲಿ ಕಟ್ಟಿದ ಚೀಟಿಗೆ ಹಣ ಕೊಡುವುದು ಸ್ಟಾರ್ಟಿಂಗ್ ಪ್ರೈಸ್ ಪ್ರಕಾರ. ಆಗ ಅದೆಂದರೆ, ಕುದುರೆಗಳು ಓಡಲು ಶುರು ಮಾಡಿದ ಗಳಿಗೆಯಲ್ಲಿ ಮೈದಾನದ ಬುಕ್ಕಿಗಳ ಬೋರ್ಡಿನ ಮೇಲೆ ಎಷ್ಟಿತ್ತೋ ಅಷ್ಟು. ಆ ಒಂದು ಪೌಂಡಿನ ಚೀಟಿಗೆ, ರೇಟ್ 12ಕ್ಕೆ 1 ಇದ್ದರೆ ಕಂಪನಿ 1,08,700 ಪೌಂಡ್ ಹತ್ತಿರ ಕೊಡಬೇಕು. 2ಕ್ಕೆ 1 ಇದ್ದರೆ 25,000 ಚಿಲ್ಲರೆ. ವ್ಯತ್ಯಾಸ 83,000ಕ್ಕೂ ಮೇಲೆ, ಒಂದು ಚೀಟಿಗೆ.

ಹಾಗಾಗಿ ದೊಡ್ಡ ಕಂಪನಿಗಳ ಜನ ಮೈದಾನದ ಬುಕ್ಕಿಗಳ ಹತ್ತಿರ ಹೋಗಿ ಫುಜಿಯಾಮಾ ಕ್ರೆಸ್ಟ್ ಮೇಲೆ ಹಣ ಸುರಿದರು. ಇದರಲ್ಲಿ ಎರಡು ಲಾಭ. ಕುದುರೆ ಗೆದ್ದರೆ ಅಲ್ಲಿಂದ ಒಂದಿಷ್ಟು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಹಣದ ಭಾರಕ್ಕೆ ಬೋರ್ಡಿನ ರೇಟ್ ಕುಸಿಯುತ್ತದೆ, ದೇಶದ ಎಲ್ಲ ಅಂಗಡಿಗಳ ಹೊರೆಯೂ ಅದರ ಜೊತೆ ಕುಸಿಯುತ್ತದೆ. ಕುಸಿಯಿತು ಕೂಡ. ಕೊನೆಗೆ ನಿಂತದ್ದು 2ಕ್ಕೆ 1ಕ್ಕೆ. ಕುದುರೆ ಬೆಳಿಗ್ಗೆ ಇದ್ದ ಕುದುರೆಯೇ. ಅದರ ಕಾಲಿಗೆ ಹೊಸ ಬಲವೇನೂ ಬಂದಿರಲಿಲ್ಲ. ರೇಟ್ ಹೇಳುತ್ತಿದ್ದದ್ದು ಕುದುರೆಯ ಬಲವನ್ನಲ್ಲ, ಬುಕ್ಕಿಗಳ ಹೆದರಿಕೆಯನ್ನು.

ಅದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಮೈದಾನದಲ್ಲೇ ಇದ್ದರು. ಅವರಲ್ಲಿ ಬುಕ್ಕಿ ಗ್ಯಾರಿ ವಿಲ್ಟ್‌ಶೈರ್ ಹೆಸರು ಎಲ್ಲರಿಗೂ ಗೊತ್ತು, ಅವರೇ ಈ ಕತೆಯನ್ನು ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಅವರ ಯೋಚನೆ ನೇರವಾಗಿತ್ತು. ಈ ಕುದುರೆಗೆ ಇಷ್ಟು ಕಡಿಮೆ ರೇಟ್ ಸುಳ್ಳು. ಕಟ್ಟಲು ಬರುವವರಿಂದ ತೆಗೆದುಕೊಳ್ಳುತ್ತಾ ಹೋದರೆ ಲಾಭವೇ. ಲೆಕ್ಕ ಹಾಕಿ ನೋಡಿ, ತಪ್ಪೇನಿಲ್ಲ. ಆ ಕುದುರೆ ಒಂಬತ್ತು ಸಲಕ್ಕೆ ಒಂದು ಸಲ ಗೆಲ್ಲುತ್ತದೆ ಅನ್ನೋಣ. 2ಕ್ಕೆ 1ರಲ್ಲಿ 100 ಪೌಂಡ್ ತೆಗೆದುಕೊಂಡರೆ, ಎಂಟು ಸಲ 100 ಉಳಿಯುತ್ತದೆ, ಒಂದು ಸಲ 200 ಹೋಗುತ್ತದೆ. ಪ್ರತಿ ನೂರಕ್ಕೆ ಸರಾಸರಿ 67 ಪೌಂಡ್ ಲಾಭ. ನನ್ನ ಕ್ರಿಕೆಟ್ ಪುಸ್ತಕದಲ್ಲಿ ನೂರಕ್ಕೆ ಐದು ಸಿಕ್ಕರೆ ಹಬ್ಬ ಅನ್ನುತ್ತಿದ್ದೆವು.

ಡೆಟೋರಿ ಮೊದಲಿನಿಂದಲೇ ಕುದುರೆಯನ್ನು ಮುಂದಿಟ್ಟರು. ಕೊನೆಯಲ್ಲಿ ನಾರ್ದರ್ನ್ ಫ್ಲೀಟ್ ಅಟ್ಟಿಸಿಕೊಂಡು ಬಂತು. ಒಂದು ಕತ್ತಿನ ಅಂತರದಲ್ಲಿ ಫುಜಿಯಾಮಾ ಕ್ರೆಸ್ಟ್ ಗೆದ್ದಿತು. ಏಳಕ್ಕೆ ಏಳು, ಒಟ್ಟು ರೇಟ್ 25,000ಕ್ಕೂ ಮೇಲೆ. ಬುಕ್ಕಿಗಳ ಒಟ್ಟು ನಷ್ಟ ಕೋಟಿಗಟ್ಟಲೆ ಪೌಂಡ್ ಅಂತ ಅಂದಾಜು. ರೇಟ್ ಬೀಳಿಸದೆ ಹೋಗಿದ್ದರೆ ಅದು ಎಷ್ಟಾಗುತ್ತಿತ್ತೋ. ವಿಲ್ಟ್‌ಶೈರ್ ಕಳೆದುಕೊಂಡದ್ದು, ಅವರೇ ಹೇಳುವಂತೆ, ಸುಮಾರು 14 ಲಕ್ಷ ಪೌಂಡ್. ಅದನ್ನು ತೀರಿಸಲು ವರ್ಷಗಳೇ ಹಿಡಿದವು. ದೊಡ್ಡ ಕಂಪನಿಗಳು ಬೇಕೆಂದೇ ಕೆಟ್ಟ ಬೆಲೆ ಕೊಟ್ಟು ಹೊರೆ ಇಳಿಸಿಕೊಂಡವು. ಇವರು ಒಳ್ಳೆ ಬೆಲೆ ನೋಡಿ ಅದೇ ಹೊರೆಯನ್ನು ತಮ್ಮ ತಲೆಯ ಮೇಲೆ ಎತ್ತಿಕೊಂಡರು.

ಟ್ರೇಡಿಂಗ್ ರೂಮಿಗೆ ಹೊಸಬರು ಬಂದಾಗ ನಮ್ಮ ಮ್ಯಾನೇಜರ್ ಈ ಕತೆ ಹೇಳಿ, ನೂರಕ್ಕೆ 67ರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು, 'ನೀನಾಗಿದ್ದರೆ ಎಷ್ಟು ಹಣ ತೆಗೆದುಕೊಳ್ಳುತ್ತಿದ್ದೆ?' ಅಂತ ಕೇಳುತ್ತಿದ್ದರು. ನಾನು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಬಂದವನು. ಇಂಥ ಬೆಲೆ ಮತ್ತೆ ಸಿಗುವುದಿಲ್ಲ ಅಂತ ಜೋರಾಗಿ, 'ಎರಡು ಲಕ್ಷ' ಅಂದೆ. ಅವರು ನನ್ನ ಶೂ ಕಡೆ ಒಮ್ಮೆ ನೋಡಿ ಕೇಳಿದರು: 'ಗೆದ್ದರೆ ನಾಲ್ಕು ಲಕ್ಷ ಕೊಡಬೇಕಲ್ಲ. ಇದೆಯಾ ನಿನ್ನ ಹತ್ತಿರ?'